ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಸೈಟ್ ತೆರೆಯುವುದಿಲ್ಲ: ಎಂಟು ಬೈಟ್‌ಗಳ ಕತೆ

ಕಳೆದ ಮಳೆಗಾಲದಲ್ಲಿ ಸಾಗರದ ಹತ್ತಿರದ ಹಳ್ಳಿಯಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. "ಯೂಟ್ಯೂಬ್ ಚೆನ್ನಾಗಿ ಬರ್ತದೆ ಮಾರಾಯ, ಬ್ಯಾಂಕಿನದ್ದು ಮಾತ್ರ ತೆರೆಯೋದೇ ಇಲ್ಲ. ಸುಮ್ನೆ ತಿರುಗ್ತಾ ಇರ್ತದೆ" ಅಂದರು. ಚಿಕ್ಕಪ್ಪನದು ಇನ್ನೊಂದು ದೂರು. ಬೆಳೆ ವಿಮೆಗೆಂದು ಪಹಣಿಯ ಫೋಟೊ ತೆಗೆದು ಅರ್ಜಿ ಸೈಟಿಗೆ ಹಾಕಲು ಹೋದರೆ ಅರ್ಧದಲ್ಲೇ ನಿಲ್ಲುತ್ತಿತ್ತು. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಮಾಡಿದರೆ ಎರಡೂ ಕೆಲಸ ಆಗುತ್ತಿದ್ದವು.

ಫೈಬರ್ ಹಾಕಿದವರನ್ನು ಕರೆಸಿದ್ದರು. ಅವರು ಸ್ಪೀಡ್ ಟೆಸ್ಟ್ ಮಾಡಿದರು. ಡೌನ್‌ಲೋಡ್ ಅಂಕಿ ಪೂರ್ತಿ ಬಂತು. "ನಮ್ಮ ಕಡೆ ಎಲ್ಲ ಸರಿ ಇದೆ, ಬ್ಯಾಂಕಿನ ಸರ್ವರ್ ಸಮಸ್ಯೆ" ಅಂತ ಹೇಳಿ ಹೋದರು. ಬ್ಯಾಂಕಿನವರನ್ನು ಕೇಳಿದರೆ "ನಮ್ಮಲ್ಲಿ ಎಲ್ಲರಿಗೂ ಬರ್ತಿದೆ, ನಿಮ್ಮ ಇಂಟರ್ನೆಟ್ ನೋಡಿ" ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವರವರ ಕಡೆಯಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವಾಗಿನಿಂದ ಶುರುವಾಯ್ತು?" ಹಳೆಯ ರೂಟರ್ ಸಿಡಿಲಿಗೆ ಸುಟ್ಟು ಹೋಗಿ ಹೊಸದು ಹಾಕಿಸಿದ ದಿನದಿಂದ ಅಂತ ಉತ್ತರ ಬಂತು. ಕೆಲವು ಸೈಟ್ ಬರುತ್ತದೆ, ಕೆಲವು ಬರುವುದಿಲ್ಲ, ಮೊಬೈಲ್ ಡೇಟಾದಲ್ಲಿ ಎಲ್ಲವೂ ಬರುತ್ತದೆ, ರೂಟರ್ ಹೊಸದು. ಈ ನಾಲ್ಕು ಒಟ್ಟಿಗೆ ಸೇರಿದರೆ ನಾನು ಮೊದಲು ನೋಡುವುದು ಎಂಟಿಯು.

1500ರಲ್ಲಿ ಎಂಟು ಕಡಿಮೆ

ಇಂಟರ್ನೆಟ್‌ನಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಫೋಟೊ ಇರಲಿ, ವೆಬ್ ಪುಟ ಇರಲಿ, ಅದನ್ನು ಚಿಕ್ಕ ಚಿಕ್ಕ ಪ್ಯಾಕೆಟ್‌ಗಳಾಗಿ ಕತ್ತರಿಸಿ ಕಳಿಸುತ್ತಾರೆ. ಒಂದು ದಾರಿಯಲ್ಲಿ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಗೆ ಎಂಟಿಯು ಎನ್ನುತ್ತಾರೆ. ಮನೆಯ ವೈಫೈ ಮತ್ತು ಕೇಬಲ್‌ನಲ್ಲಿ ಸಾಮಾನ್ಯವಾಗಿ ಇದು 1500 ಬೈಟ್. ಈ ಅಂಕಿ 1980ರ ಈಥರ್ನೆಟ್ ದಾಖಲೆಯಿಂದ ಬಂದದ್ದು. ಇವತ್ತಿಗೂ ಇಂಟರ್ನೆಟ್‌ನ ಬಹುಪಾಲು ಅದೇ ಅಳತೆಯ ಮೇಲೆ ನಡೆಯುತ್ತಿದೆ.

ಆದರೆ ನಮ್ಮ ಕಡೆಯ ಎಷ್ಟೋ ಫೈಬರ್ ಸಂಪರ್ಕಗಳಲ್ಲಿ, ಹಿಂದೆ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಇದ್ದ ಹಾಗೆಯೇ, ರೂಟರಿಗೆ ಒಂದು ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ಹಾಕಬೇಕಾಗುತ್ತದೆ. ರೂಟರಿನ ಪುಟದಲ್ಲಿ ಅದು `PPPoE` ಎಂದು ಕಾಣುತ್ತದೆ. ಹೀಗೆ ಲಾಗಿನ್ ಆಗುವ ದಾರಿಯಲ್ಲಿ ಪ್ರತಿ ಪ್ಯಾಕೆಟ್‌ನ ಮುಂದೆ ಎಂಟು ಬೈಟ್‌ನ ಒಂದು ಚೀಟಿ ಅಂಟಿಸುತ್ತಾರೆ, ಇದು ಯಾವ ಗ್ರಾಹಕನ ಸಂಪರ್ಕದ್ದು ಎಂದು ಗುರುತಿಸುವುದಕ್ಕೆ. ಚೀಟಿಯೂ ಸೇರಿ ಒಟ್ಟು 1500 ಮೀರಬಾರದು. ಹಾಗಾಗಿ ಒಳಗಿನ ಪ್ಯಾಕೆಟ್‌ಗೆ ಉಳಿಯುವುದು 1492.

ಅಂದರೆ ಮನೆಯೊಳಗೆ ಮಿತಿ 1500, ಮನೆಯಿಂದ ಕಂಪನಿಯವರೆಗೆ 1492, ಅಲ್ಲಿಂದ ಮುಂದೆ ಮತ್ತೆ 1500. ನಡುವೆ ಒಂದು ತುಂಡು ರಸ್ತೆ ಮಾತ್ರ ಇಕ್ಕಟ್ಟು. ಈ ಎಂಟು ಬೈಟ್ ವ್ಯತ್ಯಾಸ ದೇಶದ ಲಕ್ಷಾಂತರ ಮನೆಗಳಲ್ಲಿ ಇದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ವ್ಯತ್ಯಾಸ ಇರುವುದೇ ತೊಂದರೆ ಅಲ್ಲ. ಅದು ಇದೆ ಎಂಬ ಸುದ್ದಿ ತಲುಪಬೇಕಾದವರಿಗೆ ತಲುಪದೆ ಹೋದಾಗ ತೊಂದರೆ ಶುರುವಾಗುತ್ತದೆ.

ಸುದ್ದಿ ಹೇಗೆ ತಲುಪಬೇಕು

ರೈಲ್ವೆ ಅಂಡರ್‌ಪಾಸ್ ಮುಂದೆ ಕಬ್ಬಿಣದ ಅಡ್ಡಕಂಬ ಹಾಕಿರುತ್ತಾರಲ್ಲ, ಇದಕ್ಕಿಂತ ಎತ್ತರದ ಲಾರಿ ಒಳಗೆ ಬರಬಾರದು ಅಂತ, ಹಾಗೆ ಯೋಚಿಸಿ. ಬ್ಯಾಂಕಿನ ಸರ್ವರ್ 1500ರ ಎತ್ತರಕ್ಕೆ ಸರಕು ಹೇರಿದ ಲಾರಿ ಕಳಿಸಿತು. ಎಲ್ಲ ರಸ್ತೆ ದಾಟಿ ಅದು ನಿಮ್ಮ ಫೈಬರ್ ಕಂಪನಿಯ ದೊಡ್ಡ ರೂಟರ್ ತನಕ ಬಂತು. ಅಲ್ಲಿ ಕಂಬ 1492ಕ್ಕೆ ಇದೆ. ಈಗ ಏನು ಮಾಡಬೇಕು?

ಸರಕನ್ನು ಎರಡು ಲಾರಿಗೆ ಹಂಚಿ ಕಳಿಸಬಹುದಿತ್ತು. ಹಳೆಯ ಕಾಲದಲ್ಲಿ ರೂಟರ್‌ಗಳು ಹಾಗೆ ಮಾಡುತ್ತಿದ್ದವು. ಆದರೆ ಇವತ್ತು ವೆಬ್ ಸರ್ವರ್‌ಗಳು ಕಳಿಸುವ ಹೆಚ್ಚುಕಡಿಮೆ ಎಲ್ಲ ಪ್ಯಾಕೆಟ್‌ನ ಮೇಲೂ "ಒಡೆಯಬೇಡಿ" ಎಂಬ ಗುರುತು ಇರುತ್ತದೆ. ಅದನ್ನು ಡಿಎಫ್ ಎನ್ನುತ್ತಾರೆ. ಒಡೆದರೆ ಮತ್ತೆ ಜೋಡಿಸುವ ಕೆಲಸ ಬೀಳುತ್ತದೆ, ಒಂದು ತುಂಡು ಕಳೆದರೂ ಇಡೀ ಪ್ಯಾಕೆಟ್ ಹಾಳು. ಅದಕ್ಕೇ ಈ ಗುರುತು ಹಾಕುವುದು ರೂಢಿಯಾಯಿತು.

ಡಿಎಫ್ ಇದ್ದರೆ ರೂಟರ್ ಮಾಡಬೇಕಾದ್ದು ಎರಡು ಕೆಲಸ. ಪ್ಯಾಕೆಟ್ ಬಿಸಾಡಬೇಕು. ಆಮೇಲೆ ಕಳಿಸಿದವರಿಗೆ ಒಂದು ಓಲೆ ಬರೆಯಬೇಕು: "ನಿನ್ನ ಪ್ಯಾಕೆಟ್ ಇಲ್ಲಿ ತೂರುವುದಿಲ್ಲ, ನನ್ನ ಮಿತಿ 1492." ಈ ಓಲೆ ಐಸಿಎಂಪಿ ಎಂಬ ರೀತಿಯಲ್ಲಿ ಹೋಗುತ್ತದೆ, ಅದರಲ್ಲಿ 3ನೇ ಟೈಪ್, 4ನೇ ಕೋಡ್. ಸರ್ವರ್ ಅದನ್ನು ಓದಿ, ಅದೇ ಸರಕನ್ನು 1492ರ ಅಳತೆಗೆ ಮತ್ತೆ ಕತ್ತರಿಸಿ ಕಳಿಸುತ್ತದೆ. ಇಡೀ ಸಂಭಾಷಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. 1990ರಲ್ಲಿ ಆರ್‌ಎಫ್‌ಸಿ 1191 ಎಂಬ ದಾಖಲೆ ಈ ಕ್ರಮವನ್ನು ಬರೆದಿಟ್ಟಿತು. ದಾರಿಯುದ್ದಕ್ಕೂ ಅತಿ ಇಕ್ಕಟ್ಟಿನ ಜಾಗ ಎಷ್ಟು ಎಂದು ಹೀಗೆ ಕಂಡುಕೊಳ್ಳುವುದಕ್ಕೆ ಪಾತ್ ಎಂಟಿಯು ಡಿಸ್ಕವರಿ ಅಂತ ಹೆಸರು.

ಓಲೆ ತಲುಪಿದರೆ ಮಾತ್ರ ಇದು ನಡೆಯುತ್ತದೆ. ಎಷ್ಟೋ ಸಂಸ್ಥೆಗಳ ಫೈರ್‌ವಾಲ್‌ನಲ್ಲಿ "ಐಸಿಎಂಪಿ ಅಂದರೆ 'ಇದ್ದೀಯಾ' ಎಂದು ಕೇಳುವ ಪಿಂಗ್, ಪಿಂಗ್ ಅಂದರೆ ಯಾರೋ ನಮ್ಮನ್ನು ತಡಕಾಡುತ್ತಿದ್ದಾರೆ" ಎಂಬ ಲೆಕ್ಕದಲ್ಲಿ ಐಸಿಎಂಪಿ ಪೂರ್ತಿ ಮುಚ್ಚಿರುತ್ತಾರೆ. ಗೇಟಿನ ಕಾವಲುಗಾರ ಅಪರಿಚಿತರ ಓಲೆಯನ್ನೆಲ್ಲ ಹರಿದು ಬಿಸಾಡಿದ ಹಾಗೆ. ನನ್ನ ಮಟ್ಟಿಗೆ ಇದು ಭದ್ರತೆ ಅಲ್ಲ. ಪಿಂಗ್ ಬೇಡದಿದ್ದರೆ ಪಿಂಗ್ ಒಂದನ್ನೇ ಮುಚ್ಚಬಹುದು, ಈ ಒಂದು ಓಲೆಯನ್ನು ಬಿಡಲೇಬೇಕು.

ಇನ್ನೊಂದು ಕಾರಣವೂ ಇದೆ, ಅದರಲ್ಲಿ ಯಾರ ಅಸಡ್ಡೆಯೂ ಇಲ್ಲ. ದೊಡ್ಡ ಸೈಟಿನ ಒಂದೇ ವಿಳಾಸದ ಹಿಂದೆ ಹತ್ತಾರು ಸರ್ವರ್ ಇರುತ್ತವೆ. ಬರುವ ಪ್ಯಾಕೆಟ್‌ನ ವಿಳಾಸ ನೋಡಿ "ಇದು 7ನೇ ಸರ್ವರಿಗೆ" ಅಂತ ಹಂಚುವ ವ್ಯವಸ್ಥೆ ಮುಂದೆ ಕೂತಿರುತ್ತದೆ. ನಿಮ್ಮ ಸಂಪರ್ಕ 7ನೇ ಸರ್ವರ್ ಜೊತೆ ಇದೆ ಅಂದುಕೊಳ್ಳಿ. ಆದರೆ ಓಲೆ ಬರೆದದ್ದು ನೀವಲ್ಲ, ನಡುವಿನ ರೂಟರ್. ಓಲೆಯ ಮೇಲೆ ಇರುವುದು ಆ ರೂಟರಿನ ವಿಳಾಸ. ಹಂಚುವ ವ್ಯವಸ್ಥೆ ಓಲೆಯ ಒಳಗೆ ಇಣುಕಿ ನೋಡದಿದ್ದರೆ ಅದನ್ನು 3ನೇ ಸರ್ವರಿಗೆ ಕೊಟ್ಟುಬಿಡುತ್ತದೆ. 3ನೇ ಸರ್ವರಿಗೆ ಅದು ಯಾರ ಸುದ್ದಿ ಅಂತಲೇ ಗೊತ್ತಿಲ್ಲ. 7ನೆಯದು ಕಾಯುತ್ತಲೇ ಇರುತ್ತದೆ.

ಓಲೆ ತಲುಪದ ಸರ್ವರ್ ಏನು ಮಾಡುತ್ತದೆ? ಪ್ಯಾಕೆಟ್ ದಾರಿಯಲ್ಲಿ ಎಲ್ಲೋ ಕಳೆದುಹೋಯಿತು ಅಂದುಕೊಂಡು ಅದನ್ನೇ ಮತ್ತೆ ಕಳಿಸುತ್ತದೆ, ಅದೇ 1500ರ ಅಳತೆಯಲ್ಲಿ. ಅದೂ ಅಲ್ಲೇ ಬೀಳುತ್ತದೆ. ಪ್ರತಿ ಸಲ ಹಿಂದಿನದರ ಎರಡರಷ್ಟು ಹೊತ್ತು ಕಾದು ಮತ್ತೆ ಕಳಿಸುತ್ತದೆ. ಒಂದು ಸೆಕೆಂಡು, ಎರಡು, ನಾಲ್ಕು, ಎಂಟು. ಇದನ್ನು ನೆಟ್‌ವರ್ಕ್‌ನವರು ಬ್ಲ್ಯಾಕ್ ಹೋಲ್ ಎನ್ನುತ್ತಾರೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಯಾಕೆ ಬರಲಿಲ್ಲ ಎಂಬ ಸುದ್ದಿಯೂ ಬರುವುದಿಲ್ಲ.

ಹಾಗಾದರೆ ಕೆಲವು ಸೈಟ್ ಮಾತ್ರ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ರಸ್ತೆ ಒಂದೇ, ಕಂಬ ಒಂದೇ. ಆದರೂ ಯೂಟ್ಯೂಬ್ ಬರುತ್ತದೆ, ಬ್ಯಾಂಕ್ ಬರುವುದಿಲ್ಲ, ಅಲ್ವಾ?

ಮೊದಲನೆಯದಾಗಿ, ಸಂಪರ್ಕ ಶುರುವಾಗುವಾಗ ಪ್ಯಾಕೆಟ್‌ಗಳೆಲ್ಲ ಪುಟ್ಟವು. "ನಾನು ಬಂದೆ", "ಬಾ", "ಸರಿ" ಎಂಬ ಮೂರು ಮಾತು. ಇವು ನೂರು ಬೈಟ್ ಕೂಡ ಇರುವುದಿಲ್ಲ, ಯಾವ ಕಂಬಕ್ಕೂ ತಾಗುವುದಿಲ್ಲ. ಆಮೇಲೆ ಸರ್ವರ್ ತನ್ನ ಗುರುತಿನ ಸರ್ಟಿಫಿಕೇಟ್ ಕಳಿಸುತ್ತದೆ. ಅದು ಸಾಮಾನ್ಯವಾಗಿ ಎರಡು ಮೂರು ಪ್ಯಾಕೆಟ್ ತುಂಬುವಷ್ಟು ದೊಡ್ಡದು. ಆ ಕಡೆಯಿಂದ ಬರುವ ಮೊದಲ ದೊಡ್ಡ ಲಾರಿ ಅದೇ. ಹಾಗಾಗಿ ಸೈಟ್ "ಸಿಕ್ಕಿದೆ" ಎನ್ನುವ ಹಂತ ದಾಟಿ ಅಲ್ಲೇ ನಿಲ್ಲುತ್ತದೆ. ಫೈರ್‌ಫಾಕ್ಸ್‌ನಲ್ಲಿ ಕೆಳಗೆ ಎಡಗಡೆ `Performing a TLS handshake to` ಎಂಬ ಸಾಲು ಬಂದು ಅಲ್ಲೇ ಕೂತರೆ ನನಗೆ ಎಂಟಿಯು ನೆನಪಾಗುತ್ತದೆ. ಸೈಟ್ ನಿಜವಾಗಿ ಕೆಟ್ಟಿದ್ದರೆ ಅಷ್ಟು ದೂರ ಬರುವುದೇ ಅಪರೂಪ.

ಎರಡನೆಯದು, ಯೂಟ್ಯೂಬ್ ಬಂದದ್ದು ಬೇರೆ ಲಾರಿಯಲ್ಲಿ. ಕ್ರೋಮ್ ಬ್ರೌಸರ್ ಮತ್ತು ಗೂಗಲ್‌ನ ಆಪ್‌ಗಳು ಗೂಗಲ್ ಸರ್ವರ್ ಜೊತೆ ಹೆಚ್ಚಾಗಿ ಕ್ವಿಕ್ ಎಂಬ ರೀತಿಯಲ್ಲಿ ಮಾತಾಡುತ್ತವೆ. ಅದು ಶುರುವಾಗುವುದೇ 1200 ಬೈಟ್ ಆಸುಪಾಸಿನ ಪ್ಯಾಕೆಟ್‌ನಿಂದ. ದಾರಿಯಲ್ಲಿ ಜಾಗ ಇದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಅಳತೆ ಏರಿಸುತ್ತದೆ. 1492ರ ಕಂಬ ಅದಕ್ಕೆ ಲೆಕ್ಕಕ್ಕೇ ಇಲ್ಲ. ಈ ಒಂದು ಕಾರಣಕ್ಕೆ "ಯೂಟ್ಯೂಬ್ ಬರ್ತಿದೆಯಲ್ಲ, ಲೈನ್ ಸರಿ ಇದೆ" ಎಂಬ ತೀರ್ಮಾನ ತಪ್ಪಾಗುತ್ತದೆ.

ಉಳಿದ ಸೈಟ್‌ಗಳಲ್ಲಿ ಓಲೆ ಓದುವವು ಕೂಡಲೇ ತೆರೆಯುತ್ತವೆ, ಓದದವು ನಿಲ್ಲುತ್ತವೆ. ಇವೆರಡರ ನಡುವೆ ಮೂರನೆಯ ಗುಂಪೊಂದಿದೆ: ಹತ್ತು ಹದಿನೈದು ಸೆಕೆಂಡು ಸುಮ್ಮನಿದ್ದು ಆಮೇಲೆ ದಡಬಡನೆ ತೆರೆಯುವವು. ಅಂಥ ಸರ್ವರಿಗೆ ಓಲೆ ತಲುಪಿಲ್ಲ, ಆದರೆ ಅದು ತಾನೇ ಊಹಿಸುತ್ತದೆ. "ಮೂರ್ನಾಲ್ಕು ಸಲ ಕಳಿಸಿದರೂ ಉತ್ತರ ಇಲ್ಲ, ಬಹುಶಃ ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ ನೋಡೋಣ." ಲಿನಕ್ಸ್ ಸರ್ವರ್‌ನಲ್ಲಿ ಇದಕ್ಕೆ `net.ipv4.tcp_mtu_probing` ಎಂಬ ಸೆಟ್ಟಿಂಗ್ ಇದೆ, ಸಾಮಾನ್ಯವಾಗಿ ಅದು ಆಫ್ ಇರುತ್ತದೆ. 1 ಎಂದು ಇಟ್ಟವರ ಸೈಟ್ ನಿಧಾನವಾಗಿಯಾದರೂ ತೆರೆಯುತ್ತದೆ. ಜನ "ಸೈಟ್ ತುಂಬಾ ಸ್ಲೋ" ಅಂದಾಗ ನಿಜವಾಗಿ ನಡೆದಿರುವುದು ಎಷ್ಟೋ ಸಲ ಇದು. ವೇಗ ಕಡಿಮೆ ಇರುವುದಿಲ್ಲ, ಮೊದಲಲ್ಲಿ ಒಂದು ದೊಡ್ಡ ಮೌನ ಇರುತ್ತದೆ.

ಹೊಸ ರೂಟರ್ ಕೆಡಿಸಿದ್ದು ಏನು

ಇಷ್ಟು ಓದಿದ ಮೇಲೆ ಒಂದು ಸಂಶಯ ಬರಬೇಕು. ಕಂಬ ಎಲ್ಲ ಮನೆಯಲ್ಲೂ ಇದೆ, ಓಲೆ ಹರಿದು ಬಿಸಾಡುವ ಸರ್ವರ್‌ಗಳು ಎಲ್ಲ ಕಡೆ ಇವೆ. ಹಾಗಿದ್ದರೆ ಎಲ್ಲರ ಮನೆಯಲ್ಲೂ ಬ್ಯಾಂಕ್ ನಿಲ್ಲಬೇಕಿತ್ತಲ್ಲ?

ನಿಲ್ಲದಿರುವುದಕ್ಕೆ ಮನೆಯ ರೂಟರ್ ಮಾಡುವ ಒಂದು ಉಪಾಯ ಕಾರಣ. ಸಂಪರ್ಕದ ಮೊದಲ ಮಾತಿನಲ್ಲೇ ಕಂಪ್ಯೂಟರ್ ಸರ್ವರಿಗೆ "ನನಗೆ ಒಂದು ಸಲಕ್ಕೆ ಇಷ್ಟು ಬೈಟ್ ಮಾತ್ರ ಕಳಿಸು" ಅಂತ ಒಂದು ಅಂಕಿ ಹೇಳುತ್ತದೆ. ಅದಕ್ಕೆ ಎಂಎಸ್‌ಎಸ್ ಎನ್ನುತ್ತಾರೆ. ಲೆಕ್ಕ ಸುಲಭ. ಪ್ಯಾಕೆಟ್‌ನ ವಿಳಾಸಕ್ಕೆ 20 ಬೈಟ್, ಪ್ಯಾಕೆಟ್‌ಗಳ ಲೆಕ್ಕ ಇಡುವ ಟಿಸಿಪಿ ಎಂಬ ಕ್ರಮದ ತಲೆಬರಹಕ್ಕೆ 20 ಬೈಟ್, ಒಟ್ಟು 40 ಕಳೆಯಬೇಕು. ಕಂಪ್ಯೂಟರಿಗೆ ಗೊತ್ತಿರುವುದು ಮನೆಯೊಳಗಿನ 1500 ಮಾತ್ರ. ಅದು 1460 ಎನ್ನುತ್ತದೆ. ಆ ಮಾತು ರೂಟರ್ ದಾಟುವಾಗ ರೂಟರ್ ಅಂಕಿಯನ್ನು ತಿದ್ದುತ್ತದೆ. "ನನ್ನ ಹೊರಗಿನ ದಾರಿ 1492, ಆದ್ದರಿಂದ 1452" ಅಂತ ಬರೆದು ಮುಂದೆ ಕಳಿಸುತ್ತದೆ. ಸರ್ವರ್ ಮೊದಲಿನಿಂದಲೇ ಚಿಕ್ಕ ಪ್ಯಾಕೆಟ್ ಕಳಿಸುತ್ತದೆ. ಕಂಬದ ಪ್ರಶ್ನೆಯೇ ಬರುವುದಿಲ್ಲ, ಓಲೆಯ ಅಗತ್ಯವೂ ಇಲ್ಲ. ಇದಕ್ಕೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎನ್ನುತ್ತಾರೆ.

ಚಿಕ್ಕಪ್ಪನ ಹೊಸ ರೂಟರ್ ಹಾಕಿದವರು ಅದರ `PPPoE` ಪುಟದಲ್ಲಿ `MTU` ಎಂಬ ಖಾನೆಯಲ್ಲಿ 1500 ಬರೆದಿದ್ದರು. ದೊಡ್ಡ ಅಂಕಿ ಇದ್ದರೆ ಜಾಸ್ತಿ ಸ್ಪೀಡ್ ಎಂಬ ನಂಬಿಕೆ ತುಂಬಾ ಜನರಲ್ಲಿ ಇದೆ. ಆ ಒಂದು ಅಂಕಿ ಎರಡು ಕೆಲಸ ಕೆಡಿಸಿತು.

ಒಳಗೆ ಬರುವ ದಾರಿಯಲ್ಲಿ, ರೂಟರ್ ಲೆಕ್ಕ ತಪ್ಪಿತು. 1500ರಲ್ಲಿ 40 ಕಳೆದರೆ 1460. ಕಂಪ್ಯೂಟರ್ ಹೇಳಿದ್ದೂ ಅದೇ. ತಿದ್ದಲು ಏನೂ ಇಲ್ಲ ಅಂದುಕೊಂಡು ಹಾಗೇ ಬಿಟ್ಟಿತು. ಸರ್ವರ್‌ಗಳು ಪೂರ್ತಿ 1500ರ ಪ್ಯಾಕೆಟ್ ಕಳಿಸತೊಡಗಿದವು. ಓಲೆ ಓದುವ ಸೈಟ್‌ಗಳು ಉಳಿದವು, ಬ್ಯಾಂಕ್ ಬಿತ್ತು.

ಹೊರಗೆ ಹೋಗುವ ದಾರಿಯಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಫೋನ್ ಪಹಣಿಯ ಫೋಟೊವನ್ನು 1500ರ ಪ್ಯಾಕೆಟ್‌ಗಳಾಗಿ ಕತ್ತರಿಸಿ ರೂಟರಿಗೆ ಕೊಟ್ಟಿತು. ರೂಟರಿಗೆ ಅದು ದೊಡ್ಡದು ಅನ್ನಿಸಲೇ ಇಲ್ಲ. ಎಂಟು ಬೈಟ್ ಚೀಟಿ ಅಂಟಿಸಿ 1508 ಮಾಡಿ ಹೊರಗೆ ತಳ್ಳಿತು. ಅದರ ಮುಂದೆ ಇರುವುದು ಗೋಡೆಯ ಮೇಲಿನ ಫೈಬರ್ ಡಬ್ಬಿ ಮತ್ತು ಕಂಪನಿಯ ಸ್ವಿಚ್‌ಗಳು. ಇವು ರೂಟರ್‌ಗಳಲ್ಲ. ಓಲೆ ಬರೆಯುವ ಕೆಲಸ ಇವುಗಳದ್ದಲ್ಲ. ಅಳತೆ ಮೀರಿದ್ದು ಬಂದರೆ ಸದ್ದಿಲ್ಲದೆ ಬಿಸಾಡುತ್ತವೆ, ಅಷ್ಟೆ. ಇಲ್ಲಿ ಓಲೆ ಕಳೆದುಹೋದದ್ದಲ್ಲ, ಯಾರೂ ಬರೆಯಲೇ ಇಲ್ಲ.

ಒಂದು ಎಚ್ಚರಿಕೆ ಹೇಳಬೇಕು. 1500 ಎಲ್ಲ ಕಡೆಯೂ ತಪ್ಪಲ್ಲ. ಯೂಸರ್ ನೇಮ್ ಇಲ್ಲದೆ ನೇರ ವಿಳಾಸ ಸಿಗುವ ಸಂಪರ್ಕದಲ್ಲಿ 1500 ಸರಿಯಾದ ಅಂಕಿ. 2006ರ ಆರ್‌ಎಫ್‌ಸಿ 4638 ಪ್ರಕಾರ ಚೀಟಿ ಸೇರಿ 1508 ಹಿಡಿಸುವ ಹಾಗೆ ದಾರಿ ಮಾಡಿಕೊಟ್ಟ ಕಂಪನಿಗಳೂ ಇರಬಹುದು. ಅಲ್ಲಿ ಚೀಟಿ ಇದ್ದರೂ 1500 ನಡೆಯುತ್ತದೆ. ಹಾಗಾಗಿ ಅಂಕಿಯನ್ನು ಊಹಿಸಬಾರದು, ಅಳೆಯಬೇಕು.

ಅಳೆಯುವುದು ಹೇಗೆ

ಚಿಕ್ಕಪ್ಪನ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಸಿ ಇದನ್ನು ಟೈಪ್ ಮಾಡಿಸಿದೆ:

```
ping -f -l 1472 1.1.1.1
```

`-f` ಅಂದರೆ ಒಡೆಯಬೇಡ. `-l 1472` ಅಂದರೆ 1472 ಬೈಟ್ ಸರಕು ಹೇರು. ಅದಕ್ಕೆ ವಿಳಾಸದ 20 ಮತ್ತು ಪಿಂಗ್‌ನ ತಲೆಬರಹ 8 ಸೇರಿ ಸರಿಯಾಗಿ 1500 ಆಗುತ್ತದೆ. ಬಂದ ಉತ್ತರ `Request timed out.` ನಾಲ್ಕು ಸಲವೂ ಅದೇ. ಆಮೇಲೆ 1464 ಮಾಡಿಸಿದೆ. ಅಂದರೆ ಒಟ್ಟು 1492. ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು. 1465 ಹಾಕಿದರೆ ಮತ್ತೆ ಮೌನ.

ಇಲ್ಲಿ ಅಂಕಿಗಿಂತ ಮುಖ್ಯವಾದದ್ದು ಉತ್ತರದ ರೀತಿ. ರೂಟರ್ ಸರಿಯಾಗಿದ್ದರೆ 1472ಕ್ಕೆ ಹೀಗೆ ಹೇಳಬೇಕಿತ್ತು:

```
Packet needs to be fragmented but DF set.
```

ಇದು ನಿರಾಕರಣೆ. ಯಾರೋ ಒಬ್ಬರು ಅಳತೆ ನೋಡಿ "ಆಗುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿದ್ದಾರೆ. ಹೀಗೆ ಬಂದರೆ ಹೆದರಬೇಕಿಲ್ಲ, ವ್ಯವಸ್ಥೆ ಕೆಲಸ ಮಾಡುತ್ತಿದೆ. ದೊಡ್ಡದಕ್ಕೆ ಬರೀ ಮೌನ, ಚಿಕ್ಕದಕ್ಕೆ ಸಲೀಸಾಗಿ ಉತ್ತರ, ಹೀಗಿದ್ದರೆ ದಾರಿಯಲ್ಲಿ ಯಾರೋ ಹೇಳದೆ ಬಿಸಾಡುತ್ತಿದ್ದಾರೆ ಎಂದು ಅರ್ಥ. ಲಿನಕ್ಸ್‌ನಲ್ಲಿ ಇದೇ ಪರೀಕ್ಷೆಗೆ `ping -M do -s 1472 1.1.1.1`, ಮ್ಯಾಕ್‌ನಲ್ಲಿ `ping -D -s 1472 1.1.1.1`.

ಪಿಂಗ್‌ಗೆ ಒಂದು ಮಿತಿ ಇದೆ. ಪಿಂಗ್‌ಗೆ ಉತ್ತರವನ್ನೇ ಕೊಡದ ಸೈಟ್ ಬೇಕಾದಷ್ಟಿವೆ. ಚಿಕ್ಕ ಪಿಂಗ್‌ಗೂ ಉತ್ತರ ಬರದಿದ್ದರೆ ಅದರಿಂದ ಎಂಟಿಯು ಬಗ್ಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಯಾವಾಗಲೂ ಉತ್ತರ ಕೊಡುವ ವಿಳಾಸ ಒಂದನ್ನು ಆರಿಸಿಕೊಂಡು ಅಳೆಯಬೇಕು.

ಇನ್ನೂ ಖಚಿತ ಮಾಡಿಕೊಳ್ಳಲು ಎರಡನೇ ಪರೀಕ್ಷೆ ಇದೆ. ರೂಟರ್ ಮುಟ್ಟದೆ, ಒಂದು ಲ್ಯಾಪ್‌ಟಾಪ್‌ನ ಎಂಟಿಯು ಮಾತ್ರ ಸ್ವಲ್ಪ ಹೊತ್ತಿಗೆ ಇಳಿಸಿ ನೋಡುವುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು:

```
netsh interface ipv4 set subinterface "Wi-Fi" mtu=1400 store=active
```

ಈಗ ಲ್ಯಾಪ್‌ಟಾಪ್ ತಾನೇ 1360 ಎಂಬ ಎಂಎಸ್‌ಎಸ್ ಹೇಳುತ್ತದೆ, ಸರ್ವರ್‌ಗಳು ಅದಕ್ಕೆ ತಕ್ಕ ಚಿಕ್ಕ ಪ್ಯಾಕೆಟ್ ಕಳಿಸುತ್ತವೆ. ಆವರೆಗೆ ನಿಂತಿದ್ದ ಬ್ಯಾಂಕಿನ ಪುಟ ಅದೇ ಲ್ಯಾಪ್‌ಟಾಪ್‌ನಲ್ಲಿ ತಟ್ಟನೆ ತೆರೆದುಕೊಂಡಿತು. ಚಿಕ್ಕಮ್ಮನ ಫೋನಿನಲ್ಲಿ ಇನ್ನೂ ತಿರುಗುತ್ತಲೇ ಇತ್ತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದರೆ ಈ ಬದಲಾವಣೆ ಹೋಗುತ್ತದೆ. ಇದನ್ನೇ ಕಾಯಂ ಪರಿಹಾರ ಮಾಡಿಕೊಳ್ಳಬೇಡಿ. ಮನೆಯ ಪ್ರತಿ ಫೋನ್, ಪ್ರತಿ ಟಿವಿಯಲ್ಲಿ ಇದನ್ನು ಮಾಡಲು ಆಗುವುದಿಲ್ಲ.

ವೈರ್‌ಶಾರ್ಕ್ ಬಳಸಿ ಗೊತ್ತಿದ್ದವರಿಗೆ ಇನ್ನೊಂದು ಗುರುತು ಸಿಗುತ್ತದೆ. ಸರ್ಟಿಫಿಕೇಟ್‌ನ ಮೊದಲ ಎರಡು ತುಂಡು ಪೂರ್ತಿ ಅಳತೆಯವು, ಅವು ಬೀಳುತ್ತವೆ. ಕೊನೆಯ ತುಂಡು ಅರ್ಧಂಬರ್ಧ ತುಂಬಿದ್ದು, ಚಿಕ್ಕದು, ಅದು ಮಾತ್ರ ತೂರಿ ಬರುತ್ತದೆ. ಪರದೆಯ ಮೇಲೆ `TCP Previous segment not captured` ಎಂದು ಕಾಣುತ್ತದೆ. ಬಾಲ ಬಂದಿದೆ, ತಲೆ ಬಂದಿಲ್ಲ. ಸುಮ್ನೆ ಲೈನ್ ಕೆಟ್ಟಿದ್ದರೆ ಯಾವುದು ಬೇಕಾದರೂ ಕಳೆಯಬಹುದಿತ್ತು. ಪ್ರತಿ ಸಲವೂ ದೊಡ್ಡದೇ ಕಳೆದು ಚಿಕ್ಕದೇ ಬರುತ್ತಿದ್ದರೆ ಅದು ಅಳತೆಯ ಸಮಸ್ಯೆ.

ಸರಿಪಡಿಸಿದ್ದು, ಸರಿಹೋಗದೆ ಉಳಿಯುವುದು

ರೂಟರಿನ ಪುಟದಲ್ಲಿ 1500 ಅಳಿಸಿ 1492 ಬರೆಸಿ ಸೇವ್ ಮಾಡಿಸಿದೆ. ಲೈನ್ ಒಮ್ಮೆ ಕಡಿದು ಮತ್ತೆ ಸೇರಿತು. 1472ರ ಪಿಂಗ್ ಈಗ ಮೌನವಾಗಿರಲಿಲ್ಲ, `Packet needs to be fragmented` ಎಂದಿತು. ಬ್ಯಾಂಕ್ ಎಲ್ಲ ಫೋನಿನಲ್ಲೂ ತೆರೆಯಿತು. ಪಹಣಿ ಒಂದೇ ಸಲಕ್ಕೆ ಹೋಯಿತು.

ಇದೇ ರೀತಿಯ ಬೇರೆ ಮನೆಯಲ್ಲಿ ಅಂಕಿ 1492 ಇದ್ದೂ ತೊಂದರೆ ಇದ್ದರೆ, ಹೆಚ್ಚಾಗಿ ಕ್ಲ್ಯಾಂಪಿಂಗ್ ಆಗುತ್ತಿಲ್ಲ ಎಂದು ಅರ್ಥ. ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಇರುವ ರೂಟರಿನಲ್ಲಿ ಫೈರ್‌ವಾಲ್ ಪುಟದ `wan` ಸಾಲಿನಲ್ಲಿ `MSS clamping` ಎಂಬ ಗುರುತು ಇರುತ್ತದೆ, ಅದು ಆನ್ ಇರಬೇಕು. ಲಿನಕ್ಸ್ ಯಂತ್ರವನ್ನೇ ರೂಟರ್ ಮಾಡಿಕೊಂಡವರು ಈ ಒಂದು ಸಾಲನ್ನು ಮರೆತಿರುತ್ತಾರೆ:

```
iptables -t mangle -A FORWARD -p tcp --tcp-flags SYN,RST SYN \
  -j TCPMSS --clamp-mss-to-pmtu
```

ಈ ಸಾಲು ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಗೆ ಮಾತ್ರ. ಹೊಸ ಪದ್ಧತಿಯಾದ ಐಪಿವಿ6ಕ್ಕೆ ಇದನ್ನೇ `ip6tables` ಎಂದು ಬದಲಿಸಿ ಇನ್ನೊಮ್ಮೆ ಹಾಕಬೇಕು. ಅದು ಮರೆತರೆ ವಿಚಿತ್ರ ರೂಪದಲ್ಲಿ ಕಾಡುತ್ತದೆ. ಐಪಿವಿ6ರಲ್ಲಿ ನಡುವಿನ ರೂಟರ್‌ಗಳು ಪ್ಯಾಕೆಟ್ ಒಡೆಯುವುದೇ ಇಲ್ಲ, ಎಲ್ಲವೂ ಓಲೆಯ ಮೇಲೆಯೇ ನಿಂತಿದೆ. ಬ್ರೌಸರ್ ಐಪಿವಿ6 ಮತ್ತು ಐಪಿವಿ4 ಎರಡನ್ನೂ ಪ್ರಯತ್ನಿಸಿ ಬೇಗ ಉತ್ತರ ಕೊಟ್ಟದ್ದನ್ನು ಹಿಡಿಯುತ್ತದೆ. ಆದರೆ ಆ ಪಂದ್ಯ ನಡೆಯುವುದು ಮೊದಲಿನ ಪುಟ್ಟ ಪ್ಯಾಕೆಟ್‌ಗಳಲ್ಲಿ. ಐಪಿವಿ6 ಅಲ್ಲಿ ಗೆಲ್ಲುತ್ತದೆ, ಆಮೇಲೆ ಸರ್ಟಿಫಿಕೇಟ್ ಬರುವಾಗ ನಿಲ್ಲುತ್ತದೆ. ಒಮ್ಮೆ ಗೆದ್ದ ಮೇಲೆ ಬ್ರೌಸರ್ ಸುಲಭದಲ್ಲಿ ಹಿಂದಿರುಗುವುದಿಲ್ಲ. ಕಂಪ್ಯೂಟರಿನಲ್ಲಿ ಐಪಿವಿ6 ಆಫ್ ಮಾಡಿದ ಕೂಡಲೇ ಎಲ್ಲ ಸರಿಹೋದರೆ, ಆಫ್ ಮಾಡಿ ಬಿಟ್ಟುಬಿಡಬೇಡಿ. ಕ್ಲ್ಯಾಂಪಿಂಗ್ ನೋಡಿ. ಅಲ್ಲಿ ತಲೆಬರಹ 20 ಬೈಟ್ ಜಾಸ್ತಿ ಇರುವುದರಿಂದ 1492ಕ್ಕೆ ಸರಿಯಾದ ಎಂಎಸ್‌ಎಸ್ 1432.

ಕ್ಲ್ಯಾಂಪಿಂಗ್ ಟಿಸಿಪಿಗೆ ಮಾತ್ರ ಸಹಾಯ ಮಾಡುತ್ತದೆ ಎಂಬುದನ್ನೂ ಮರೆಯಬಾರದು. ಮನೆಯಿಂದ ಆಫೀಸಿಗೆ ವಿಪಿಎನ್ ಹಾಕಿಕೊಂಡವರಿಗೆ ಇದು ತಟ್ಟುತ್ತದೆ, ಯಾಕೆಂದರೆ ವಿಪಿಎನ್ ಮತ್ತೊಂದು ಚೀಟಿ ಅಂಟಿಸುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್ ಸಾಮಾನ್ಯವಾಗಿ ಒಳಗಿನ ಎಂಟಿಯು 1420 ಇಟ್ಟುಕೊಳ್ಳುತ್ತದೆ. ಹೊರಗಿನ ದಾರಿ ಐಪಿವಿ4 ಆಗಿದ್ದರೆ ಅದು ಸೇರಿಸುವುದು 60 ಬೈಟ್, ಒಟ್ಟು 1480, 1492ರೊಳಗೆ ಹಿಡಿಸುತ್ತದೆ. ಐಪಿವಿ6 ಆಗಿದ್ದರೆ 80, ಒಟ್ಟು 1500. ಅದು ಹಿಡಿಸುವುದಿಲ್ಲ. ನಿನ್ನೆ ತನಕ ಚೆನ್ನಾಗಿದ್ದ ವಿಪಿಎನ್, ಫೈಬರ್ ಕಂಪನಿ ಐಪಿವಿ6 ಕೊಟ್ಟ ದಿನ ನಿಂತದ್ದು ಇದೇ ಕಾರಣಕ್ಕೆ ಇರಬಹುದು. ವೈರ್‌ಗಾರ್ಡ್ ಫೈಲಿನ `[Interface]` ಕೆಳಗೆ `MTU = 1412` ಎಂದು ಬರೆದರೆ ಸಾಕು.

ಫೋನ್ ಇಡುವ ಮೊದಲು ಚಿಕ್ಕಪ್ಪನಿಗೆ ಒಂದು ಚೀಟಿಯಲ್ಲಿ 1492 ಎಂದು ಬರೆದು ರೂಟರಿನ ಹಿಂದೆ ಅಂಟಿಸಲು ಹೇಳಿದೆ. ಮುಂದಿನ ಮಳೆಗಾಲದಲ್ಲಿ ಇನ್ನೊಂದು ಸಿಡಿಲು ಬಂದರೆ ಹೊಸ ರೂಟರ್ ಹಾಕಲು ಬರುವವರಿಗೆ ಅದನ್ನೇ ತೋರಿಸುತ್ತಾರೆ.